ಪಾಸ್‌ವರ್ಡ್ ಹೋಯಿತು, ಕ್ಯಾಲೆಂಡರ್ ಬಂತು

ಸೋಮವಾರ ಬೆಳಿಗ್ಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿ, ಒಂದು ಕೈಯಲ್ಲಿ ಹಿಡಿಕೆ ಹಿಡಿದು ನಿಂತಿದ್ದೆ. ಥಾಣೆ ದಾಟುವಾಗ ಜೇಬಿನಲ್ಲಿ ಫೋನ್ ಗುನುಗಿತು. ಆ ಗರ್ದಿಯಲ್ಲಿ ಫೋನ್ ತೆಗೆಯುವುದೇ ಒಂದು ಕಸರತ್ತು. ಘಾಟ್‌ಕೋಪರ್‌ನಲ್ಲಿ ಇಳಿದು ಮೆಟ್ರೋ ಮೆಟ್ಟಿಲು ಹತ್ತುತ್ತಾ ನೋಡಿದರೆ ಹನ್ನೊಂದು ಮಿಸ್ಡ್ ಕಾಲ್. ಆಫೀಸಿನ ಕಿರಿಯ ಸಹೋದ್ಯೋಗಿ, ಕುಂದಾಪುರ ಕಡೆಯ ಹುಡುಗ, ಒಂದೇ ಉಸಿರಲ್ಲಿ ಹೇಳಿದ: "ಸರ್, ಯಾರಿಗೂ ವೈಫೈ ಸಿಗ್ತಾ ಇಲ್ಲ. ಮನೆಯಿಂದ ಕೆಲಸ ಮಾಡುವವರಿಗೆ ವಿಪಿಎನ್ ಕೂಡ ಇಲ್ಲ. ಒಬ್ಬರಿಗಲ್ಲ ಸರ್, ಎಲ್ಲರಿಗೂ."

"ಎಲ್ಲರಿಗೂ" ಎಂಬ ಮಾತು ಕೇಳಿ ನನಗೆ ಬೆವರು ಬಂತು. ಒಬ್ಬರಿಗೆ ಸಿಗದಿದ್ದರೆ ಅದು ಅವರ ಲ್ಯಾಪ್‌ಟಾಪಿನ ತೊಂದರೆ. ಎಲ್ಲರಿಗೂ ಒಂದೇ ಬೆಳಿಗ್ಗೆ ಸಿಗದಿದ್ದರೆ ಅದು ನನ್ನ ತಪ್ಪು. ಯಾಕೆ ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮದು ಅಂಧೇರಿ ಪೂರ್ವದ ಮಧ್ಯಮ ಗಾತ್ರದ ಕಂಪನಿ, ಸುಮಾರು ನೂರೈವತ್ತು ಲ್ಯಾಪ್‌ಟಾಪ್. ಮೊದಲು ಎಲ್ಲ ಕಡೆಯಂತೆ ನಮ್ಮಲ್ಲೂ ಪಾಸ್‌ವರ್ಡ್ ಇತ್ತು, ತೊಂಬತ್ತು ದಿನಕ್ಕೊಮ್ಮೆ ಬದಲಿಸಬೇಕೆಂಬ ನಿಯಮವೂ ಇತ್ತು. ಜನ ಏನು ಮಾಡುತ್ತಾರೆ? ಕೊನೆಯ ಅಂಕಿಯನ್ನು ಒಂದು ಹೆಚ್ಚಿಸುತ್ತಾರೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಕಾರಣವಿಲ್ಲದೆ ಹೀಗೆ ಬದಲಿಸುವಂತೆ ಒತ್ತಾಯಿಸಬೇಡಿ ಎಂದಿತ್ತು. ನಾವು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ದಿನ ನಮ್ಮ ವಿಪಿಎನ್ ಪುಟದಂತೆಯೇ ಕಾಣುವ ನಕಲಿ ಪುಟದಲ್ಲಿ ಒಬ್ಬರು ತಮ್ಮ ಪಾಸ್‌ವರ್ಡ್ ಹಾಕಿದರು. ಆ ರಾತ್ರಿ ಎರಡು ಗಂಟೆಗೆ ಅವರ ಹೆಸರಲ್ಲಿ ಯಾರೋ ಒಳಗೆ ಬಂದು ಲೆಕ್ಕಪತ್ರದ ಫೋಲ್ಡರ್ ತೆರೆದು ನೋಡಿದ್ದರು. ಬಾಗಿಲಿಗೆ ಅದು ಗೊತ್ತಾಗುವುದು ಸಾಧ್ಯವೇ ಇರಲಿಲ್ಲ. ಸರಿಯಾದ ಮಾತು ಹೇಳಿದವರೆಲ್ಲ ಅದರ ಪಾಲಿಗೆ ನಮ್ಮವರೇ. ಪಾಸ್‌ವರ್ಡಿನ ಮೂಲ ದೋಷ ಇದು: ಅದನ್ನು ಹೇಳಿದರೆ ಮಾತ್ರ ಕೆಲಸವಾಗುತ್ತದೆ, ಹೇಳಿದಾಗ ಕೇಳಿಸಿಕೊಂಡವನಿಗೂ ಅದು ಸಿಕ್ಕಿಬಿಡುತ್ತದೆ.

ಆಮೇಲೆ ನಾವು ಕ್ಲೈಂಟ್ ಸರ್ಟಿಫಿಕೇಟಿಗೆ ಬಂದೆವು. ಮುಂಬಯಿಯಲ್ಲಿ ಕಂಪನಿ ನಡೆಸುವವರಿಗೆ ಇದರ ಒಂದು ರೂಪ ಚೆನ್ನಾಗಿ ಗೊತ್ತು: ಕಂಪನಿ ವ್ಯವಹಾರ ಸಚಿವಾಲಯಕ್ಕೆ ಫಾರ್ಮ್ ಸಲ್ಲಿಸುವಾಗ ಕಂಪ್ಯೂಟರಿಗೆ ಚುಚ್ಚುವ ಡಿಎಸ್‌ಸಿ ಯುಎಸ್‌ಬಿ ಟೋಕನ್. ಆದರೆ ಆ ಟೋಕನ್ ಎಷ್ಟೋ ಕಡೆ ಲೆಕ್ಕಪರಿಶೋಧಕರ ಡ್ರಾಯರಿನಲ್ಲಿ, ಪಿನ್ ಬರೆದ ಚೀಟಿಯ ಸಮೇತ ಬಿದ್ದಿರುತ್ತದೆ. ನಮಗೆ ಹೀಗೆ ಕೈಯಿಂದ ಕೈಗೆ ತಿರುಗದ ವಸ್ತು ಬೇಕಿತ್ತು. ಅದು ಈಗಿನ ಲ್ಯಾಪ್‌ಟಾಪುಗಳ ಒಳಗೇ ಇದೆ. ಟಿಪಿಎಂ ಎನ್ನುತ್ತಾರೆ.

ಕೆಲಸ ನಡೆಯುವ ಬಗೆ ಹೀಗೆ. ಟಿಪಿಎಂ ತನ್ನೊಳಗೇ ಒಂದು ಜೋಡಿ ಕೀಲಿ ಹುಟ್ಟಿಸುತ್ತದೆ. ಗುಪ್ತ ಕೀಲಿ ಅಲ್ಲಿಂದ ಹೊರಗೆ ಬರುವುದಿಲ್ಲ. ಬಹಿರಂಗ ಕೀಲಿ ನಮ್ಮ ಸರ್ಟಿಫಿಕೇಟ್ ಸರ್ವರಿಗೆ ಹೋಗುತ್ತದೆ. ಸರ್ವರ್ "ಈ ಕೀಲಿ ಈ ಲ್ಯಾಪ್‌ಟಾಪಿನದು, ಇಂಥ ದಿನದಿಂದ ಇಂಥ ದಿನದವರೆಗೆ" ಎಂದು ಬರೆದು ಸಹಿ ಹಾಕಿ ಕೊಡುತ್ತದೆ. ಆ ಕಾಗದವೇ ಸರ್ಟಿಫಿಕೇಟ್. ಲ್ಯಾಪ್‌ಟಾಪ್ ವೈಫೈ ಅಥವಾ ವಿಪಿಎನ್ ಬಾಗಿಲಿಗೆ ಬಂದಾಗ ಆ ಹೊತ್ತಿನ ಸಂಭಾಷಣೆಗೆ ಗುಪ್ತ ಕೀಲಿಯಿಂದ ಸಹಿ ಹಾಕಿ ತೋರಿಸುತ್ತದೆ. ನಕಲಿ ಬಾಗಿಲಿಗೆ ಆ ಸಹಿ ಸಿಕ್ಕರೂ ಪ್ರಯೋಜನವಿಲ್ಲ, ಅದು ಆ ಒಂದು ಸಂಭಾಷಣೆಗೆ ಮಾತ್ರ ಹೊಂದುತ್ತದೆ. ವಿಪಿಎನ್‌ನಲ್ಲಿ ನಾವು ಸರ್ಟಿಫಿಕೇಟಿನ ನಂತರ ಬಳಕೆದಾರರ ಪಾಸ್‌ವರ್ಡನ್ನೂ ಕೇಳುತ್ತೇವೆ. ಈಗ ಪಾಸ್‌ವರ್ಡ್ ಕದ್ದವನಿಗೆ ನಮ್ಮ ಲ್ಯಾಪ್‌ಟಾಪೂ ಬೇಕು.

ಆದರೆ ಕೀಲಿ ನಿಜವಾಗಿ ಟಿಪಿಎಂ ಒಳಗೇ ಇದೆಯೆ ಎಂದು ನೋಡಿಕೊಳ್ಳಬೇಕು. ಲ್ಯಾಪ್‌ಟಾಪಿನಲ್ಲಿ ಅಡ್ಮಿನ್ ಆಗಿ ಈ ಆಜ್ಞೆ ಕೊಡಿ:

```
certutil -store My
```

ಉತ್ತರದಲ್ಲಿ `Microsoft Platform Crypto Provider` ಎಂದಿದ್ದರೆ ಕೀಲಿ ಟಿಪಿಎಂನಲ್ಲಿದೆ. `Microsoft Software Key Storage Provider` ಎಂದಿದ್ದರೆ ಅದು ಡಿಸ್ಕಿನಲ್ಲಿದೆ. "ರಫ್ತು ಮಾಡುವಂತಿಲ್ಲ" ಎಂದು ಗುರುತು ಹಾಕಿದ್ದರೂ, ಯಂತ್ರದ ಮೇಲೆ ಪೂರ್ಣ ಅಧಿಕಾರ ಸಿಕ್ಕವನು ಡಿಸ್ಕಿನಿಂದ ಅದನ್ನು ಎತ್ತಬಹುದು. ಮೊದಲ ವಾರ ನಮ್ಮಲ್ಲಿ ಕೆಲವು ಹಳೆಯ ಲ್ಯಾಪ್‌ಟಾಪುಗಳು ಹಾಗೇ ಇದ್ದವು. ಬಯೋಸ್‌ನಲ್ಲಿ ಟಿಪಿಎಂ ಆಫ್ ಆಗಿತ್ತು, ವಿಂಡೋಸ್ ಸದ್ದಿಲ್ಲದೆ ಎರಡನೇ ದಾರಿ ಹಿಡಿದಿತ್ತು. ಟೆಂಪ್ಲೇಟಿನಲ್ಲಿ ಟಿಪಿಎಂ ಒಂದನ್ನೇ ಬಿಟ್ಟು ಉಳಿದದ್ದನ್ನು ತೆಗೆದು ಹಾಕಿದ ಮೇಲೆ, ಅಂಥ ಯಂತ್ರಗಳಿಗೆ ಸರ್ಟಿಫಿಕೇಟೇ ಸಿಗದೆ ತಾವಾಗಿ ಬೆಳಕಿಗೆ ಬಂದವು.

ಈಗ ಆ ಸೋಮವಾರದ ಹಿಂದಿನ ಶುಕ್ರವಾರಕ್ಕೆ ಬರೋಣ. ರಾತ್ರಿ ಹತ್ತಕ್ಕೆ ಲೆಕ್ಕಪತ್ರ ವಿಭಾಗದ ಸೋಲಾಪುರದ ಗೆಳೆಯನ ಫೋನ್: "ಅಣ್ಣಾ, ಭಾಳ ತಪ್ಪಾಗೇದ. ಲ್ಯಾಪ್‌ಟಾಪ್ ಬ್ಯಾಗ್ ಗಾಡ್ಯಾಗ ಬಿಟ್ಟೀನೋ, ಆಫೀಸಿನ್ಯಾಗ ಬಿಟ್ಟೀನೋ, ನೆನಪಾಗವಲ್ದು." ಕಲ್ಯಾಣ ಸ್ಲೋ ಗಾಡಿಯ ರ‍್ಯಾಕಿನಲ್ಲಿ ಇಟ್ಟ ಹಾಗೆ ಮಾತ್ರ ನೆನಪಂತೆ. ರೈಲ್ವೆ ಪೊಲೀಸರಿಗೆ ದೂರು ಕೊಡು ಎಂದು ಅವನಿಗೆ ಹೇಳಿ ನಾನು ಕೂತೆ.

ಪಾಸ್‌ವರ್ಡಿನ ಕಾಲದಲ್ಲಾಗಿದ್ದರೆ ಅವನ ಪಾಸ್‌ವರ್ಡ್ ಬದಲಿಸಿ ಮಲಗುತ್ತಿದ್ದೆ. ಈಗ ಕೆಲಸ ಎರಡು ಕಡೆ. ಮೊದಲು ಡೈರೆಕ್ಟರಿಯಲ್ಲಿ ಆ ಕಂಪ್ಯೂಟರಿನ ಖಾತೆಯನ್ನು ನಿಷ್ಕ್ರಿಯಗೊಳಿಸಿದೆ. ನಮ್ಮ ವೈಫೈ ಸರ್ವರ್ ಪ್ರತಿಸಲ ಆ ಖಾತೆಯನ್ನು ನೋಡುವುದರಿಂದ ಆ ಬಾಗಿಲು ಕೂಡಲೇ ಮುಚ್ಚಿತು. ಆದರೆ ಗಾಡಿಯಲ್ಲಿ ಸಿಕ್ಕ ಲ್ಯಾಪ್‌ಟಾಪ್ ನಮ್ಮ ವೈಫೈ ಹತ್ತಿರ ಬರುವುದಿಲ್ಲ, ಅದಕ್ಕೆ ಬೇಕಾದ್ದು ವಿಪಿಎನ್. ನಮ್ಮ ವಿಪಿಎನ್ ಪೆಟ್ಟಿಗೆ ಡೈರೆಕ್ಟರಿಯಲ್ಲಿ ಕಂಪ್ಯೂಟರಿನ ಹೆಸರು ಹುಡುಕುವುದಿಲ್ಲ. ಸರ್ಟಿಫಿಕೇಟ್ ಅಸಲಿಯೆ, ದಿನಾಂಕ ಮೀರಿದೆಯೆ, ರದ್ದು ಪಟ್ಟಿಯಲ್ಲಿದೆಯೆ ಎಂಬ ಮೂರನ್ನೇ ನೋಡುತ್ತದೆ. ಸಿಆರ್‌ಎಲ್ ಎನ್ನುವುದು ಈ ರದ್ದು ಪಟ್ಟಿಗೇ. ಹಾಗಾಗಿ ಸರ್ಟಿಫಿಕೇಟ್ ಸರ್ವರಿನಲ್ಲಿ ಇಷ್ಟು ಬರೆದೆ:

```
certutil -revoke SerialNumber 6
certutil -crl
```

`SerialNumber` ಇದ್ದಲ್ಲಿ ಆ ಸರ್ಟಿಫಿಕೇಟಿನ ಸರಣಿ ಸಂಖ್ಯೆ. ಕೊನೆಯ 6 ಎಂದರೆ ತಾತ್ಕಾಲಿಕ ತಡೆ. ಬ್ಯಾಗ್ ಆಫೀಸಿನಲ್ಲೇ ಸಿಕ್ಕರೆ ತಡೆ ತೆಗೆಯಬಹುದು, ಉಳಿದ ಕಾರಣಗಳನ್ನು ಕೊಟ್ಟು ರದ್ದು ಮಾಡಿದರೆ ಹಿಂದಕ್ಕೆ ಬರುವ ದಾರಿಯಿಲ್ಲ. ಎರಡನೇ ಸಾಲು ಹೊಸ ರದ್ದು ಪಟ್ಟಿಯನ್ನು ಪ್ರಕಟಿಸುತ್ತದೆ.

ಹೊಸಬರು ಎಡವುವುದು ಇಲ್ಲಿಯೇ. ಪಟ್ಟಿ ಪ್ರಕಟವಾಯಿತೆಂದರೆ ಬಾಗಿಲಿಗೆ ಅದು ತಲುಪಿತು ಎಂದಲ್ಲ. ಪರಿಶೀಲಿಸುವವರು ಹಳೆಯ ಪಟ್ಟಿಯನ್ನು ತಮ್ಮಲ್ಲೇ ಇಟ್ಟುಕೊಂಡಿರುತ್ತಾರೆ. ನಮ್ಮ ವಿಪಿಎನ್ ಪೆಟ್ಟಿಗೆ ದಿನಕ್ಕೊಮ್ಮೆ, ಬೆಳಗಿನ ಜಾವ, ಹೊಸ ಪಟ್ಟಿ ತರುತ್ತದೆ. ಅಲ್ಲಿಯವರೆಗೆ ಕಳೆದುಹೋದ ಲ್ಯಾಪ್‌ಟಾಪ್ ಅದರ ಕಣ್ಣಿಗೆ ಒಳ್ಳೆಯದೇ. ಆದ್ದರಿಂದ ಪೆಟ್ಟಿಗೆಗೆ ಲಾಗಿನ್ ಆಗಿ ಪಟ್ಟಿಯನ್ನು ಕೈಯಾರೆ ತರಿಸಿದೆ, ಆ ಹೆಸರಿನ ಚಾಲ್ತಿ ಸಂಪರ್ಕ ಇದ್ದರೆ ಕಡಿಯಲು ನೋಡಿದೆ. ಇರಲಿಲ್ಲ. ಡಿಸ್ಕ್ ಬಿಟ್‌ಲಾಕರ್‌ನಲ್ಲಿ ಲಾಕ್ ಆಗಿತ್ತು. ಲಾಗಿನ್ ಆಗುವುದು ಹಲೋ ಪಿನ್ನಿನಿಂದ, ಅದನ್ನು ಊಹಿಸಿ ಊಹಿಸಿ ಹಾಕುತ್ತಾ ಕೂರಲು ಟಿಪಿಎಂ ಬಿಡುವುದಿಲ್ಲ. ಹನ್ನೊಂದಕ್ಕೆ ನೆಮ್ಮದಿಯಿಂದ ಮಲಗಿದೆ. ಸರ್ವರಿನ ಪರದೆಯಲ್ಲಿ ಅದೇ ಹೊತ್ತು ಇನ್ನೊಂದು ದಿನಾಂಕವೂ ಇತ್ತು. ನಾನು ನೋಡಲಿಲ್ಲ.

ಸೋಮವಾರ ಆಫೀಸಿಗೆ ಬಂದು ನೋಡಿದಾಗ ಲಾಗ್‌ನಲ್ಲಿ ಎಲ್ಲ ನಿರಾಕರಣೆಗಳಿಗೂ ಒಂದೇ ಕಾರಣ: `0x80092013`. ರದ್ದು ಪಟ್ಟಿಯನ್ನು ಪರಿಶೀಲಿಸಲಾಗಲಿಲ್ಲ ಎಂದು ಅದರ ಅರ್ಥ. ಶುಕ್ರವಾರ ತಾನೆ ಪ್ರಕಟಿಸಿದ ಪಟ್ಟಿ ಎಲ್ಲಿ ಹೋಯಿತು? ಅದು ಸರಿಯಾಗಿಯೇ ಇತ್ತು. ಕೆಟ್ಟದ್ದು ಇನ್ನೊಂದು ಪಟ್ಟಿ.

ಸರ್ಟಿಫಿಕೇಟ್ ಸರ್ವರುಗಳು ಸಾಮಾನ್ಯವಾಗಿ ಎರಡು. ಲ್ಯಾಪ್‌ಟಾಪುಗಳಿಗೆ ಸಹಿ ಹಾಕುವುದು ದಿನವೂ ಚಾಲೂ ಇರುವ ವಿತರಣಾ ಸರ್ವರ್. ಆ ವಿತರಣಾ ಸರ್ವರಿಗೇ ಸಹಿ ಹಾಕಿಕೊಟ್ಟದ್ದು ಮೂಲ ಸರ್ವರ್. ಮೂಲದ ಕೀಲಿ ಕಳುವಾದರೆ ಇಡೀ ಮನೆತನವೇ ಹೋದಂತೆ, ಅದಕ್ಕೆ ಅದನ್ನು ಆಫ್ ಮಾಡಿ, ನೆಟ್‌ವರ್ಕಿನಿಂದ ದೂರ, ಬೀರುವಿನಲ್ಲಿ ಇಡುತ್ತಾರೆ. ಆದರೆ ಮೂಲ ಸರ್ವರೂ ತನ್ನದೊಂದು ರದ್ದು ಪಟ್ಟಿ ಹೊರಡಿಸಬೇಕು: "ನಾನು ಸಹಿ ಹಾಕಿದ ವಿತರಣಾ ಸರ್ವರುಗಳಲ್ಲಿ ಯಾವುದೂ ರದ್ದಾಗಿಲ್ಲ." ಅದು ಖಾಲಿ ಪಟ್ಟಿ, ಆದರೂ ಅದಕ್ಕೆ ಅವಧಿ ಇದೆ. ನಮ್ಮದು ಆರು ತಿಂಗಳಿನದು, ಭಾನುವಾರ ಸಂಜೆಗೆ ಮುಗಿದಿತ್ತು. ಅವಧಿ ಮೀರಿದ ಪಟ್ಟಿ ಇಲ್ಲದ ಪಟ್ಟಿಗೆ ಸಮ. ಬಾಗಿಲು ಯಾರನ್ನೂ ನಂಬಲಿಲ್ಲ, ನಂಬದಿರುವುದೇ ಅದರ ಕರ್ತವ್ಯ.

ಲೋಕಲ್ ಪ್ರಯಾಣಿಕರಿಗೆ ಇದು ಅರ್ಥವಾಗುವ ಮಾತು. ನಮ್ಮ ಮಂತ್ಲಿ ಪಾಸ್ ನೋಡುವ ಟಿಸಿ ಮುಖ ನೋಡಿ ಬಿಡುವುದಿಲ್ಲ. ವರ್ಷಗಟ್ಟಲೆ ಅದೇ ಗಾಡಿಯಲ್ಲಿ ಬಂದವನಾದರೂ ನಿನ್ನೆಗೆ ಮುಗಿದ ಪಾಸಿಗೆ ಇಂದು ದಂಡ.

ಹತ್ತೂವರೆಗೆ ನಿರ್ದೇಶಕರು ಬಂದರು. ಮಧ್ಯಾಹ್ನದೊಳಗೆ ಒಂದು ಟೆಂಡರ್ ಹೋಗಬೇಕಿತ್ತು, ಅದನ್ನು ತಯಾರಿಸುತ್ತಿದ್ದ ಮೂವರು ಮನೆಯಲ್ಲಿ ಕೂತಿದ್ದರು. "ಆ ಪಟ್ಟಿ ನೋಡುವುದನ್ನು ಇವತ್ತೊಂದು ದಿನ ಆಫ್ ಮಾಡಿಬಿಡಿ" ಎಂದರು. ವಿಪಿಎನ್ ಪೆಟ್ಟಿಗೆಯಲ್ಲಿ ಅದಕ್ಕೆ ಒಂದು ಟಿಕ್ ತೆಗೆದರೆ ಸಾಕು, ಹತ್ತು ಸೆಕೆಂಡಿನ ಕೆಲಸ. ಬೇರೆ ಯಾವುದೇ ಸೋಮವಾರವಾಗಿದ್ದರೆ ನಾನೂ ಮಾಡಿಬಿಡುತ್ತಿದ್ದೆನೇನೋ. ಆದರೆ ಶುಕ್ರವಾರದ ಬ್ಯಾಗ್ ಇನ್ನೂ ಸಿಕ್ಕಿರಲಿಲ್ಲ. ಅದನ್ನು ಹೊರಗಿಟ್ಟಿದ್ದದ್ದು ಆ ಪಟ್ಟಿಯ ಒಂದು ಸಾಲು. ನೋಡುವುದನ್ನೇ ನಿಲ್ಲಿಸಿದರೆ ಅದಕ್ಕೂ ಬಾಗಿಲು ತೆರೆದಂತೆ. "ಸರ್, ಒಂದು ಗಂಟೆ ಕೊಡಿ" ಎಂದೆ. ಆಫೀಸಿನಲ್ಲಿದ್ದವರಿಗೆ ಹಳೆಯ ಲ್ಯಾನ್ ಕೇಬಲ್ ಹುಡುಕಿ ಕೊಟ್ಟೆವು.

ಮೂಲ ಸರ್ವರ್ ಇದ್ದ ಡಿಸ್ಕ್ ಬೀರುವಿನಲ್ಲಿತ್ತು. ಅದರ ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿತ್ತು. ಲಕೋಟೆಯ ತಿಜೋರಿಯ ಬೀಗ ಕಾಂದಿವಲಿಯಿಂದ ಬರುತ್ತಿದ್ದ ಆಡಳಿತಾಧಿಕಾರಿಯ ಕೈಯಲ್ಲಿತ್ತು. ಕೆಲಸ ಐದು ನಿಮಿಷದ್ದು: ಮೂಲ ಸರ್ವರ್ ಎಬ್ಬಿಸಿ `certutil -crl` ಕೊಡುವುದು, ಹೊಸ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ತಂದು ಎಲ್ಲರೂ ಓದುವ ಜಾಗದಲ್ಲಿ ಇಡುವುದು, ವಿಪಿಎನ್ ಪೆಟ್ಟಿಗೆ ಮತ್ತು ವೈಫೈ ಸರ್ವರ್ ತಮ್ಮಲ್ಲಿಟ್ಟುಕೊಂಡ ಹಳೆಯ ಪ್ರತಿಯನ್ನು ಅಳಿಸುವುದು. ಬೀಗ ಬರಲು ಐವತ್ತು ನಿಮಿಷ ಹಿಡಿಯಿತು. ಹನ್ನೊಂದು ಮುಕ್ಕಾಲಿಗೆ ಎಲ್ಲರೂ ಒಳಗೆ ಬಂದರು, ಟೆಂಡರ್ ಹೋಯಿತು.

ಬುಧವಾರ ಬ್ಯಾಗೂ ಸಿಕ್ಕಿತು, ಯಾರೋ ಪುಣ್ಯಾತ್ಮರು ಸ್ಟೇಷನ್ನಿನಲ್ಲಿ ಕೊಟ್ಟಿದ್ದರು. ಆದರೂ ತಡೆ ತೆಗೆಯಲಿಲ್ಲ. ಐದು ದಿನ ಎಲ್ಲಿತ್ತೋ ಗೊತ್ತಿಲ್ಲದ ಯಂತ್ರ. ಪೂರ್ತಿ ಅಳಿಸಿ, ಹೊಸ ಕೀಲಿ, ಹೊಸ ಸರ್ಟಿಫಿಕೇಟ್ ಕೊಟ್ಟು, ಹಳೆಯದನ್ನು ಕಾಯಂ ರದ್ದು ಮಾಡಿದೆ.

ಇಂಥ ಮರೆವು ಸಣ್ಣ ಆಫೀಸಿನವರದು ಮಾತ್ರ ಎಂದುಕೊಳ್ಳಬೇಡಿ. 2018ರ ಡಿಸೆಂಬರ್ 6ರಂದು ಬ್ರಿಟನ್ನಿನ ಒ2 ಮತ್ತು ಜಪಾನಿನ ಸಾಫ್ಟ್‌ಬ್ಯಾಂಕ್ ಗ್ರಾಹಕರ ಮೊಬೈಲ್ ಸೇವೆ ಗಂಟೆಗಟ್ಟಲೆ ನಿಂತಿತ್ತು. ಎರಿಕ್ಸನ್ ಕೊಟ್ಟ ತಂತ್ರಾಂಶದೊಳಗಿನ ಒಂದು ಸರ್ಟಿಫಿಕೇಟಿನ ಅವಧಿ ಮುಗಿದದ್ದೇ ಮುಖ್ಯ ಕಾರಣವೆಂದು ಕಂಪನಿ ಹೇಳಿತು.

ಅಂದಿನಿಂದ ನನ್ನ ಮೇಜಿನ ಮೇಲೆ ಒಂದು ರಿಜಿಸ್ಟರ್ ಇದೆ. ಪ್ರತಿ ಲ್ಯಾಪ್‌ಟಾಪಿಗೆ ಒಂದು ಸಾಲು: ಯಾರ ಬಳಿ ಇದೆ, ಸರ್ಟಿಫಿಕೇಟಿನ ಸರಣಿ ಸಂಖ್ಯೆ, ಯಾವಾಗ ಮುಗಿಯುತ್ತದೆ. ಶುಕ್ರವಾರ ರಾತ್ರಿ ಸರಣಿ ಸಂಖ್ಯೆ ಹುಡುಕಲು ಹಿಡಿದ ಇಪ್ಪತ್ತು ನಿಮಿಷ ನನಗೆ ಇದನ್ನು ಕಲಿಸಿತು. ಕೊನೆಯ ಪುಟದಲ್ಲಿ ನಮ್ಮದೇ ದಿನಾಂಕಗಳು: ಮೂಲ ಸರ್ವರಿನ ಪಟ್ಟಿ, ವಿತರಣಾ ಸರ್ವರಿನ ಸರ್ಟಿಫಿಕೇಟ್, ವೈಫೈ ಸರ್ವರಿನ ಸರ್ಟಿಫಿಕೇಟ್. ಪಟ್ಟಿಯ ಫೈಲನ್ನು `certutil` ಮುಂದೆ ಇಟ್ಟರೆ `NextUpdate` ಎಂಬ ಸಾಲಿನಲ್ಲಿ ಕೊನೆಯ ದಿನ ಕಾಣುತ್ತದೆ. ಆರು ತಿಂಗಳ ಪಟ್ಟಿಯನ್ನು ಈಗ ಐದು ತಿಂಗಳಿಗೇ ಹೊಸದು ಮಾಡುತ್ತೇವೆ, ಮತ್ತು ಆ ನೆನಪೋಲೆ ಇಬ್ಬರ ಫೋನಿನಲ್ಲಿದೆ. ತಿಜೋರಿಯ ಬೀಗವೂ ಎರಡಾಯಿತು.

ಎಲ್ಲವೂ ತಾನಾಗಿ ನವೀಕರಣವಾಗುತ್ತದೆ ಎಂಬ ಭರವಸೆಯನ್ನೂ ಅರ್ಧ ನಂಬಬೇಕು. ನಮ್ಮ ಸರ್ಟಿಫಿಕೇಟಿನ ಅವಧಿ ಒಂದು ವರ್ಷ, ಮುಗಿಯಲು ಆರು ವಾರ ಇರುವಾಗ ಲ್ಯಾಪ್‌ಟಾಪ್ ತಾನೇ ಹೊಸದು ಕೇಳುತ್ತದೆ, ಚಾಲೂ ಇದ್ದರೆ. ಹೆರಿಗೆ ರಜೆ ಕಾನೂನಿನ ಪ್ರಕಾರ 26 ವಾರ. ರಜೆ ಮುಗಿಸಿ ಬಂದ ಸಹೋದ್ಯೋಗಿಯ ಲ್ಯಾಪ್‌ಟಾಪ್ ಆ ಆರು ವಾರವೂ ಕಪಾಟಿನಲ್ಲಿ ಮಲಗಿತ್ತು. ಸರ್ಟಿಫಿಕೇಟ್ ಮುಗಿದದ್ದರಿಂದ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇಲ್ಲದ್ದರಿಂದ ಹೊಸ ಸರ್ಟಿಫಿಕೇಟ್ ಇಲ್ಲ. ಇದಕ್ಕಾಗಿ ಆಫೀಸಿನಲ್ಲಿ ನಮ್ಮ ಮೇಜಿನ ಪಕ್ಕ ಒಂದೇ ಒಂದು ತಂತಿಯ ಪೋರ್ಟ್ ಇಟ್ಟಿದ್ದೇವೆ. ಅಲ್ಲಿಂದ ಡೈರೆಕ್ಟರಿಗೆ ಮತ್ತು ಸರ್ಟಿಫಿಕೇಟ್ ಸರ್ವರಿಗೆ ಬಿಟ್ಟು ಬೇರೆಲ್ಲಿಗೂ ದಾರಿಯಿಲ್ಲ. ಪಾಸ್‌ವರ್ಡ್ ಮರೆತವರಿಗೆ ಫೋನಿನಲ್ಲೇ ಎರಡು ನಿಮಿಷದಲ್ಲಿ ಹೊಸದು ಕೊಡಬಹುದಿತ್ತು, ಇವರು ವಿರಾರದಿಂದ ಲ್ಯಾಪ್‌ಟಾಪ್ ಹೊತ್ತು ಬರಬೇಕು. ಈ ವ್ಯವಸ್ಥೆಯ ನಿಜವಾದ ಖರ್ಚು ಇದು.

ರಿಪೇರಿಯದೂ ಅದೇ ಕಥೆ. ಮದರ್‌ಬೋರ್ಡ್ ಬದಲಾದರೆ ಟಿಪಿಎಂ ಬದಲಾಯಿತು, ಗುಪ್ತ ಕೀಲಿ ಹಳೆಯ ಬೋರ್ಡಿನ ಜೊತೆ ಹೋಯಿತು. ಆದರೆ ಸರ್ಟಿಫಿಕೇಟ್ ಎಂಬ ಕಾಗದ ಡಿಸ್ಕಿನಲ್ಲೇ ಇರುತ್ತದೆ, ಅವಧಿಯೂ ಇರುತ್ತದೆ, ಆದರೂ ಬಾಗಿಲು ತೆರೆಯುವುದಿಲ್ಲ. ಆಗ ಮೇಲಿನ ಅದೇ `certutil -store My` ಆಜ್ಞೆಗೆ `Missing stored keyset` ಎಂಬ ಉತ್ತರ ಬಂದರೆ ಕಾರಣ ಸಿಕ್ಕಂತೆ. ಅದಕ್ಕೂ ಮೊದಲು ಬಿಟ್‌ಲಾಕರ್ ತನ್ನ 48 ಅಂಕಿಯ ರಿಕವರಿ ಕೀಲಿ ಕೇಳುತ್ತದೆ. ಅದನ್ನು ಮೊದಲೇ ತೆಗೆದಿಡದ ಅಡ್ಮಿನ್ ರಿಪೇರಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಲಿ. ಹಳೆಯ ಲ್ಯಾಪ್‌ಟಾಪಿನ ಬಟನ್ ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋದರೂ ಇದೇ ಗತಿ, ಸರ್ಟಿಫಿಕೇಟ್ ಇನ್ನೂ ಶುರುವೇ ಆಗಿಲ್ಲವೆಂದು ಅದು ತಿಳಿಯುತ್ತದೆ. ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿಸಬೇಕು, ಲಾಗ್‌ಗಳನ್ನು 180 ದಿನ ಇಡಬೇಕು ಎಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. ಆ ಸೋಮವಾರ ನಮಗೆ ಕಾರಣ ತೋರಿಸಿದ್ದೂ ಲಾಗೇ.

ಕೊನೆಗೆ ಒಂದು ಮಿತಿ. ಸರ್ಟಿಫಿಕೇಟ್ ಹೇಳುವುದು "ಇದು ನಮ್ಮ ಲ್ಯಾಪ್‌ಟಾಪ್" ಎಂದು ಮಾತ್ರ. ಮುಂದೆ ಕೂತವರು ಯಾರೆಂದು ಅದಕ್ಕೆ ತಿಳಿಯದು. ತೆರೆದಿಟ್ಟು ಚಹಾಕ್ಕೆ ಹೋದರೆ, ಅಥವಾ ಒಳಗೆ ವೈರಸ್ ಕೂತಿದ್ದರೆ, ಟಿಪಿಎಂ ನಿಷ್ಠೆಯಿಂದ ಅವರಿಗೂ ಸಹಿ ಹಾಕಿಕೊಡುತ್ತದೆ. ಮತ್ತು ಹತ್ತು ಜನರ ಆಫೀಸಿಗೆ ಎರಡು ಸರ್ವರ್, ಎರಡು ಪಟ್ಟಿ, ಒಂದು ತಿಜೋರಿ ಹೊರಲಾರದ ಹೊರೆ. ಅವರಿಗೆ ಪಾಸ್‌ಕೀ ಅಥವಾ ಸೆಕ್ಯುರಿಟಿ ಕೀ ಸಾಕು. ಅಲ್ಲೂ ಕೀಲಿ ಕೈ ಬಿಟ್ಟು ಹೋಗುವುದಿಲ್ಲ, ಈ ಪಟ್ಟಿಗಳ ಕಾಟವೂ ಇಲ್ಲ.

ಮೊನ್ನೆ ಸೋಲಾಪುರದ ಗೆಳೆಯ ಕೇಳಿದ, "ಅಣ್ಣಾ, ಪಾಸ್‌ವರ್ಡ್ ಇದ್ದಾಗ ನಾವು ಮರೀತಿದ್ವಿ. ಈಗ ಮರೆಯೋದು ಯಾರು?" ರಿಜಿಸ್ಟರಿನ ಕೊನೆಯ ಪುಟ ತೆರೆದು ತೋರಿಸಿದೆ. ಮುಂದಿನ ದಿನಾಂಕದ ಕೆಳಗೆ ಕೆಂಪು ಗೆರೆ ಎಳೆದಿದ್ದೇನೆ.